ಕೊಟೇಶನ್ ಕಳಿಸುವ ಮುಂಚೆ ಕೊನೆಯ ಸಲ ಏನೇನು ನೋಡಬೇಕು?

ಪ್ರಶ್ನೆ: ಪುಣೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀನಿ. ಕೊಟೇಶನ್, ಮೇಲ್ ಎಲ್ಲಾ ನಾನೇ ಬರೀಬೇಕು. ಎರಡು ಮೂರು ಸಲ ಓದಿದ್ರೂ ತಪ್ಪು ಕಾಣಿಸೋದು ಕಳಿಸಿದ ಮೇಲೇ. ಕೊನೇ ಚೆಕಿಂಗ್ ನೀವೆಲ್ಲ ಹೇಗೆ ಮಾಡ್ತೀರಿ?

ಮೇಲಿಂದ ಕೆಳಗೆ ಪೂರ್ತಿ ಓದುವುದನ್ನು ಮೊದಲು ಬಿಡಿ. ನೀವೇ ಬರೆದದ್ದಲ್ವಾ, ಅಲ್ಲಿ ಏನಿರಬೇಕೋ ಅದೇ ಕಣ್ಣಿಗೆ ಕಾಣುತ್ತದೆ. ಒಂದು ಸುತ್ತಿಗೆ ಒಂದೇ ವಿಷಯ ನೋಡಿ. ಭೋಸರಿಯ ನಮ್ಮ ಆಫೀಸಿನಲ್ಲಿ ಹುಡುಗರು ಬರೆದ ಕೊಟೇಶನ್‌ಗಳು ನನ್ನ ಕೈ ದಾಟಿಯೇ ಹೊರಗೆ ಹೋಗುತ್ತವೆ. ನಾನು ನೋಡುವ ಕ್ರಮ ಇದು: ಮೊದಲು ಅಂಕಿ, ಆಮೇಲೆ ಹೆಸರು, ಆಮೇಲೆ ಮಾತಿನ ಧಾಟಿ, ಅಟ್ಯಾಚ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಸುಮ್ನೆ ಇಟ್ಟದ್ದಲ್ಲ. ಅಂಕಿ ಅಥವಾ ಹೆಸರು ತಿದ್ದಿದ ಕೂಡಲೇ ನೀವು ಮೊದಲೇ ಮಾಡಿಟ್ಟ ಪಿಡಿಎಫ್ ಹಳೆಯದಾಗಿಬಿಡುತ್ತದೆ. ಮೊದಲು ಅಟ್ಯಾಚ್ ಮಾಡಿ ಆಮೇಲೆ ವರ್ಡ್ ಫೈಲ್ ತಿದ್ದಿದವರು, ತಿದ್ದಿದ್ದೇನೆ ಎಂಬ ಧೈರ್ಯದಲ್ಲೇ ತಪ್ಪು ಫೈಲ್ ಕಳಿಸುತ್ತಾರೆ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ನೀವು ಗೋವಾದ ವೆರ್ಣಾದಲ್ಲಿರುವ ಒಂದು ಕಾರ್ಖಾನೆಗೆ ಬಿಡಿಭಾಗಗಳ ಕೊಟೇಶನ್ ಕಳಿಸಬೇಕು ಎಂದುಕೊಳ್ಳಿ. ಹೊಸದಾಗಿ ಯಾರೂ ಬರೆಯುವುದಿಲ್ಲ, ಮುಂಬೈ ಗಿರಾಕಿಗೆ ಮಾಡಿದ ಹಳೆಯ ಫೈಲನ್ನೇ ಕಾಪಿ ಮಾಡುತ್ತೀರಿ. ಅದರಲ್ಲಿ 40 ನಗ, ಒಂದಕ್ಕೆ 1,250 ರೂಪಾಯಿ, ಮೊತ್ತ 50,000, 18% ಜಿಎಸ್‌ಟಿ 9,000, ಒಟ್ಟು 59,000 ಇತ್ತು. ಈಗ 48 ನಗ ಬೇಕು. ಅಂದರೆ 60,000, ತೆರಿಗೆ 10,800, ಒಟ್ಟು 70,800. ಟೇಬಲ್‌ನಲ್ಲಿ ಇದನ್ನು ಎಲ್ಲರೂ ಸರಿ ಮಾಡುತ್ತಾರೆ. ಹಳೆಯ 59,000 ಉಳಿದುಕೊಳ್ಳುವುದು ಬೇರೆ ಕಡೆ: ಅಕ್ಷರದಲ್ಲಿ ಬರೆದ ಮೊತ್ತದಲ್ಲಿ, ಮೇಲ್‌ನ ಮೊದಲ ಪ್ಯಾರಾದಲ್ಲಿ, ಅಡ್ವಾನ್ಸ್ ಇಷ್ಟು ಕೊಡಿ ಎನ್ನುವ ಸಾಲಿನಲ್ಲಿ. ಹಾಗಾಗಿ ಟೇಬಲ್ ನೋಡಿ ಸುಮ್ಮನಾಗಬೇಡಿ. ಒಟ್ಟು ಮೊತ್ತ ಎಲ್ಲೆಲ್ಲಿ ಬರುತ್ತದೆ ಎಂದು Ctrl+F ಒತ್ತಿ ಹಳೆಯ ಅಂಕಿಯನ್ನೇ ಹುಡುಕಿ. ಕಾಮಾ ಹಾಕಿಯೂ ಹುಡುಕಿ, ಹಾಕದೆಯೂ ಹುಡುಕಿ. ಅಕ್ಷರದಲ್ಲಿ ಬರೆದ ಮೊತ್ತ ಹೀಗೆ ಹುಡುಕಿದರೆ ಸಿಗುವುದಿಲ್ಲ, ಅದನ್ನು ಕಣ್ಣಲ್ಲೇ ನೋಡಿ. ವರ್ಡ್ ಟೇಬಲ್‌ನಲ್ಲಿ ಫಾರ್ಮುಲಾ ಹಾಕಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ, ಎಕ್ಸೆಲ್‌ನ ಹಾಗೆ ಅದು ತಾನಾಗಿ ಬದಲಾಗುವುದಿಲ್ಲ. Ctrl+A ಒತ್ತಿ ಆಮೇಲೆ F9 ಒತ್ತಬೇಕು. ಅದಾದ ಮೇಲೂ ಕ್ಯಾಲ್ಕುಲೇಟರ್‌ನಲ್ಲಿ ಒಂದು ಸಲ ಗುಣಿಸಿ ನೋಡಿ.

ಈ ಉದಾಹರಣೆಯಲ್ಲಿ ಕೂಡಿಸಿ ಕಳೆದು ನೋಡಿದರೂ ಸಿಗದ ಒಂದು ತಪ್ಪಿದೆ. ಮುಂಬೈ ಗಿರಾಕಿಗೆ ತೆರಿಗೆ 9% ಸಿಜಿಎಸ್‌ಟಿ, 9% ಎಸ್‌ಜಿಎಸ್‌ಟಿ ಎಂದು ಎರಡು ಸಾಲಿನಲ್ಲಿ ಇತ್ತು, ಏಕೆಂದರೆ ಪುಣೆ ಮುಂಬೈ ಎರಡೂ ಒಂದೇ ರಾಜ್ಯ. ಸರಕು ಪುಣೆಯಿಂದ ಗೋವಾಕ್ಕೆ ಹೋಗುತ್ತದೆ ಎಂದರೆ ಅದು 18% ಐಜಿಎಸ್‌ಟಿ, ಒಂದೇ ಸಾಲು. ಎರಡರಲ್ಲೂ ಒಟ್ಟು 70,800ವೇ ಬರುವುದರಿಂದ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಗಿರಾಕಿಯ ಅಕೌಂಟ್ಸ್‌ನವರು ವಾಪಸ್ ಕಳಿಸುವ ತನಕ ಯಾರಿಗೂ ತಿಳಿಯುವುದಿಲ್ಲ. ಇದನ್ನು ಹಿಡಿಯಲು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30. ಗೋವಾ ವಿಳಾಸದ ಕೆಳಗೆ 27ರಿಂದ ಶುರುವಾಗುವ ನಂಬರ್ ಇದ್ದರೆ, ಒಂದೋ ಹಳೆಯ ಗಿರಾಕಿಯದು ಹಾಗೇ ಉಳಿದಿದೆ, ಇಲ್ಲವೇ ಇವರು ತಮ್ಮ ಮಹಾರಾಷ್ಟ್ರ ಶಾಖೆಯ ಹೆಸರಲ್ಲಿ ಬಿಲ್ ಕೇಳುತ್ತಿದ್ದಾರೆ. ಎರಡನೆಯದಾದರೆ ಫೋನ್ ಮಾಡಿ ಕೇಳಿಯೇ ಮುಂದುವರಿಯಿರಿ. ನಂಬರ್ ಒಟ್ಟು 15 ಅಕ್ಷರ ಇರಬೇಕು, ಎಣಿಸಿ.

ತಾರೀಖು ಕೂಡ ಅಂಕಿಯೇ. ವಾರದ ಹೆಸರನ್ನೂ ಬರೆದಿದ್ದರೆ ಕ್ಯಾಲೆಂಡರ್ ತೆಗೆದು ಹೊಂದಿಸಿ ನೋಡಿ. ಡೆಲಿವರಿ ಡಿಸೆಂಬರ್ 19ಕ್ಕೆ ಎಂದು ಬರೆದಿದ್ದರೆ, ನಮಗದು ಮಾಮೂಲಿ ದಿನ, ಗೋವಾದಲ್ಲಿ ವಿಮೋಚನಾ ದಿನದ ರಜೆ.

ಇನ್ನು ಹೆಸರು. ನಮ್ಮವರು ಇಲ್ಲಿ ಪದೇ ಪದೇ ಎಡವುವ ಜಾಗ ಇದು. ನಾವು ಕರ್ನಾಟಕದವರು Geetha, Latha ಎಂದು h ಸೇರಿಸಿ ಬರೆದು ಅಭ್ಯಾಸ, ಮರಾಠಿಯವರು ಜಾಸ್ತಿ Geeta, Lata ಎಂದೇ ಬರೆಯುತ್ತಾರೆ. ಕೈ ತಾನಾಗಿ h ಒತ್ತಿಬಿಡುತ್ತದೆ. ಅದಕ್ಕೇ ಹೆಸರನ್ನು ಯಾವತ್ತೂ ಟೈಪ್ ಮಾಡಬೇಡಿ, ಅವರು ಕಳಿಸಿದ ಮೇಲ್‌ನ ಕೆಳಗಿರುವ ಸಹಿಯಿಂದ ಕಾಪಿ ಮಾಡಿ. ಕಂಪನಿಯ ಹೆಸರನ್ನು ಅವರ ಪರ್ಚೇಸ್ ಆರ್ಡರ್‌ನಿಂದಲೋ ಜಿಎಸ್‌ಟಿ ಸರ್ಟಿಫಿಕೇಟ್‌ನಿಂದಲೋ ತೆಗೆದುಕೊಳ್ಳಿ, ಪ್ರೈವೇಟ್ ಲಿಮಿಟೆಡ್ಡೋ ಎಲ್‌ಎಲ್‌ಪಿಯೋ ಎಂಬುದು ಅಲ್ಲಿ ಸರಿಯಾಗಿರುತ್ತದೆ. ಹೆಸರಿನಿಂದ ಹೆಂಗಸೋ ಗಂಡಸೋ ಗೊತ್ತಾಗದಿದ್ದರೆ ಶ್ರೀ, ಶ್ರೀಮತಿ ಬಿಟ್ಟು ಪೂರ್ತಿ ಹೆಸರು ಬರೆದರೆ ಸಾಕು.

ಆಮೇಲೆ ಹಳೆಯ ಗಿರಾಕಿಯ ಹೆಸರನ್ನು ಹುಡುಕಿ ಅಳಿಸಿ. ಹೆಡರ್ ಫೂಟರ್‌ಗಳನ್ನು ಬೇರೆಯಾಗಿ ಕಣ್ಣಲ್ಲೇ ನೋಡಿ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಜಾಗವೂ ಇದೆ. ವರ್ಡ್‌ನಲ್ಲಿ File, ಅದರೊಳಗೆ Info, ಅಲ್ಲಿ Title ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಹಳೆಯ ಕಂಪನಿಯ ಹೆಸರು ಇದ್ದರೆ, ಪಿಡಿಎಫ್ ತೆರೆದಾಗ ಫೈಲ್‌ನ ಹೆಸರಿನ ಬದಲು ಅದು ಕಿಟಕಿಯ ನೆತ್ತಿಯ ಮೇಲೆ ಕಾಣಿಸಬಹುದು. ನೀವು ಯಾರಿಗೆ ಮಾಲು ಕೊಡುತ್ತೀರಿ ಎಂದು ಇವರಿಗೆ ತಿಳಿಯುವುದು ಬೇಡ, ಅಲ್ವಾ?

ಧಾಟಿಗೆ ಇಡೀ ಮೇಲ್ ಮತ್ತೆ ಓದುವ ಅಗತ್ಯವಿಲ್ಲ. ಮೊದಲ ಸಾಲು, ದುಡ್ಡಿನ ಸಾಲು, ಕೊನೆಯ ಸಾಲು, ಈ ಮೂರನ್ನು ಬಾಯಿಬಿಟ್ಟು ಓದಿ, ಎದುರು ಅವರೇ ಕೂತಿದ್ದರೆ ಹೀಗೇ ಹೇಳುತ್ತಿದ್ದೆನಾ ಎಂದು ಕೇಳಿಕೊಳ್ಳಿ. ಒರಟು ಬರುವುದು ದುಡ್ಡಿನ ಸಾಲಿನಲ್ಲೇ. "ಹಳೇ ಬಿಲ್ ಇನ್ನೂ ಕೊಟ್ಟಿಲ್ಲ, ತಕ್ಷಣ ಕೊಡಿ" ಎನ್ನುವ ಬದಲು ಬಿಲ್ ನಂಬರ್, ತಾರೀಖು, ಮೊತ್ತ ಬರೆದು, ಇದು ನಮ್ಮ ಖಾತೆಗೆ ಬಂದಂತೆ ಕಾಣುತ್ತಿಲ್ಲ, ಒಮ್ಮೆ ನೋಡುತ್ತೀರಾ ಎಂದು ಕೇಳಿ. ಅವರು ಕಟ್ಟಿದ್ದು ನಿಮ್ಮ ಅಕೌಂಟ್ಸ್‌ನವರು ನೋಡದೇ ಇದ್ದಿರಲೂಬಹುದು. ಇನ್ನೂ ಒಳ್ಳೆಯದೆಂದರೆ ಬಾಕಿಯ ವಿಷಯಕ್ಕೆ ಬೇರೆ ಮೇಲ್ ಬರೆಯುವುದು. ಕೊಟೇಶನ್ ಓದುವವರು ಪರ್ಚೇಸ್‌ನವರು, ಬಾಕಿ ಅವರ ಕೈಯಲ್ಲಿಲ್ಲ.

ಈಗ ಪಿಡಿಎಫ್ ಮಾಡಿ. ಟ್ರ್ಯಾಕ್ ಚೇಂಜಸ್ ಮತ್ತು ಕಾಮೆಂಟ್‌ಗಳನ್ನು ಮೊದಲು ತೆಗೆದುಹಾಕಿ, ಇಲ್ಲದಿದ್ದರೆ ಅವೂ ಪಿಡಿಎಫ್‌ನಲ್ಲಿ ಅಚ್ಚಾಗಬಹುದು. ಅಟ್ಯಾಚ್ ಮಾಡಿದ ಮೇಲೆ ಫೋಲ್ಡರ್‌ನಲ್ಲಿರುವ ಫೈಲನ್ನು ತೆರೆದು ನೋಡಿ ಸಮಾಧಾನಪಡಬೇಡಿ, ಮೇಲ್‌ಗೆ ಅಂಟಿರುವ ಫೈಲನ್ನೇ ಕ್ಲಿಕ್ ಮಾಡಿ ತೆರೆದು 48, 70,800, 30 ಈ ಮೂರೂ ಇವೆಯಾ ನೋಡಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಫೈಲ್ ಡ್ರೈವ್ ಲಿಂಕ್ ಆಗಿ ಹೋಗುತ್ತದೆ, ಆಗ ಅವರಿಗೆ ತೆರೆಯಲು ಅನುಮತಿ ಇದೆಯಾ ಎಂದು ಇನ್‌ಕಾಗ್ನಿಟೋ ಕಿಟಕಿಯಲ್ಲಿ ಪರೀಕ್ಷಿಸಿ. ಒಬ್ಬರಿಗೇ ಅನುಮತಿ ಕೊಟ್ಟಿದ್ದರೆ ಮಾತ್ರ ಅಲ್ಲಿ ತೆರೆಯುವುದಿಲ್ಲ, ಆಗ ಶೇರ್ ಪಟ್ಟಿಯಲ್ಲಿ ಅವರ ಐಡಿ ನೋಡಿದರಾಯಿತು. ಫಾರ್ವರ್ಡ್ ಮಾಡಿದ ಮೇಲ್ ಆಗಿದ್ದರೆ ಕೆಳಗಿನ ತನಕ ಇಳಿಯಿರಿ. ನಿಮ್ಮ ಬಾಸ್ "ಇನ್ನೂ 8% ಇಳಿಸಬಹುದು" ಎಂದು ಬರೆದ ಸಾಲು ಅಲ್ಲೇ ಎಲ್ಲೋ ಕೂತಿರುತ್ತದೆ.

To ಜಾಗವನ್ನು ಇಷ್ಟೆಲ್ಲ ಆಗುವ ತನಕ ಖಾಲಿ ಬಿಡಿ, ಅರ್ಧಕ್ಕೆ ಕೈ ತಗುಲಿ ಹೋಗುವ ಭಯ ಇರುವುದಿಲ್ಲ. ತುಂಬುವಾಗ ಕುಲಕರ್ಣಿ ಎಂದು ಹೊಡೆದರೆ ಪುಣೆಯಲ್ಲಿ ಸಾಲು ಸಾಲು ಕುಲಕರ್ಣಿಗಳು ಬರುತ್ತಾರೆ, @ ಆದಮೇಲಿನ ಭಾಗ ನೋಡಿಯೇ ಆರಿಸಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Undo Send ಅವಧಿಯನ್ನು 30 ಸೆಕೆಂಡಿಗೆ ಇಡಿ, ಮೊದಲಿಗೆ ಅದು 5 ಸೆಕೆಂಡೇ ಇರುತ್ತದೆ.