ಒಂದೇ ಅಪ್‌ಡೇಟ್‌ಗೆ ಕಚೇರಿಯ ಕಂಪ್ಯೂಟರ್‌ಗಳೆಲ್ಲ ಬೂಟ್ ಆಗದಿದ್ದರೆ

ಪ್ರಶ್ನೆ: ಡ್ರೈವರ್ ಅಪ್‌ಡೇಟ್ ಕಳಿಸಿದ ಮೇಲೆ ಎಲ್ಲ ಕಂಪ್ಯೂಟರ್‌ಗಳೂ ನೀಲಿ ಪರದೆಯಲ್ಲೇ ನಿಂತಿವೆ. ಸರ್ವರ್‌ನಿಂದಲೇ ಅದನ್ನು ಹಿಂದೆಗೆಯಲು ಏಕೆ ಆಗುತ್ತಿಲ್ಲ?

ಉತ್ತರ: ಹಿಂದೆಗೆಯುವ ಆದೇಶವನ್ನು ಸ್ವೀಕರಿಸಬೇಕಾದ ಸೇವೆಯು ವಿಂಡೋಸ್ ಮೇಲೆದ್ದ ಬಳಿಕವಷ್ಟೇ ಕೆಲಸ ಆರಂಭಿಸುತ್ತದೆ, ದೋಷವಿರುವ ಡ್ರೈವರ್ ಅದಕ್ಕೂ ಮೊದಲೇ ಕರ್ನಲ್‌ಗೆ ಲೋಡ್ ಆಗಿ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆಯು ತಾನು ಕಳಿಸಿದ್ದ ದೋಷದ ಫೈಲನ್ನು 78 ನಿಮಿಷಗಳಲ್ಲೇ ಹಿಂಪಡೆದರೂ, ಅಷ್ಟರಲ್ಲಿ ಕುಸಿದಿದ್ದ ಸುಮಾರು 85 ಲಕ್ಷ ಯಂತ್ರಗಳಲ್ಲಿ ಬಹುಪಾಲನ್ನು ಒಂದೊಂದಾಗಿ ಮುಟ್ಟಿ ಸರಿಪಡಿಸಬೇಕಾಯಿತು.

ಮೊದಲು ವಿತರಣೆಯನ್ನು ನಿಲ್ಲಿಸಿ; ಆಫ್ ಆಗಿರುವ ಯಂತ್ರಗಳನ್ನು ಹಾಗೆಯೇ ಬಿಡಿ. ಬಳಿಕ ಒಂದು ಯಂತ್ರವನ್ನು ರಿಕವರಿ ಪರಿಸರದಲ್ಲಿ ತೆರೆದು, ಆ ಡ್ರೈವರ್ ಯಾವ ಹೆಸರಿನಲ್ಲಿ ಸೇರಿದೆ ಎಂಬುದನ್ನು ಮೊದಲ ಆದೇಶದಿಂದ ತಿಳಿದು, ಎರಡನೆಯದರಿಂದ ತೆಗೆಯಿರಿ. ಇಲ್ಲಿನ `oem12.inf` ಕೇವಲ ಉದಾಹರಣೆ.

```
dism /Image:C:\ /Get-Drivers
dism /Image:C:\ /Remove-Driver /Driver:oem12.inf
```

ರಿಕವರಿಯಲ್ಲಿ ವಿಂಡೋಸ್ ಇರುವ ಡ್ರೈವ್ `C:` ಆಗಿರದೆ `D:` ಆಗಿರಬಹುದು, ನೋಡಿಕೊಳ್ಳಿ. ಡಿಸ್ಕ್ ನಿಯಂತ್ರಕದಂತಹ, ಬೂಟ್‌ಗೆ ಬೇಕೇಬೇಕಾದ ಡ್ರೈವರ್ ಆಗಿದ್ದರೆ, ತೆಗೆಯುವ ಮುನ್ನ ಹಳೆಯ ಆವೃತ್ತಿಯನ್ನು `/Add-Driver` ಮೂಲಕ ಸೇರಿಸಿ.

ಈ ಕ್ರಮ ಒಂದು ಯಂತ್ರದಲ್ಲಿ ಫಲಿಸಿದ ಮೇಲೆ ಅದನ್ನೇ ಸ್ಕ್ರಿಪ್ಟ್ ಮಾಡಿ ವಿನ್‌ಪಿಇ ಇಮೇಜ್‌ನಲ್ಲಿಟ್ಟು, ನೆಟ್‌ವರ್ಕ್ ಬೂಟ್ ಮೂಲಕ ಉಳಿದವುಗಳಿಗೆ ನೀಡಬಹುದು. ಆದರೆ ಹೊತ್ತು ಹಿಡಿಯುವುದು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುವ ಬಿಟ್‌ಲಾಕರ್: ಪ್ರತಿ ಯಂತ್ರವೂ ತನ್ನದೇ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಆ ಕೀಲಿಗಳಿರುವ ಡೊಮೇನ್ ಕಂಟ್ರೋಲರ್ ಕೂಡ ಅದೇ ಅಪ್‌ಡೇಟ್ ಪಡೆದು ಮಲಗಿದ್ದರೆ, ಎಲ್ಲಕ್ಕಿಂತ ಮೊದಲು ಅದನ್ನು ಎಬ್ಬಿಸಬೇಕು.