ಮೆಶ್ ಕಡಿಮೆ ಮಾಡುವಾಗ ಯುವಿ ಅಂಚು ಕಾಪಾಡುವುದು ಹೇಗೆ?

ಪ್ರಶ್ನೆ: ಸ್ಕ್ಯಾನ್ ಮಾಡಿದ ದಟ್ಟ ಮೆಶ್‌ ಅನ್ನು ಕ್ವಾಡ್ರಿಕ್ ಎರರ್ ವಿಧಾನದಲ್ಲಿ ಕಡಿಮೆ ಮಾಡ್ತಿದ್ದೀನಿ. ಆಕಾರ ಚೆನ್ನಾಗಿಯೇ ಉಳಿಯುತ್ತೆ, ಆದ್ರೆ ಯುವಿ ಸೀಮ್ ಹತ್ರ ಟೆಕ್ಸ್ಚರ್ ಹರಡಿಕೊಳ್ಳುತ್ತೆ, ಚೂಪಾದ ಅಂಚುಗಳೂ ಸವೆಯುತ್ತವೆ. ಏನು ಮಾಡಲಿ?

ಮೊದಲು ಸೀಮ್ ವಿಷಯ ನೋಡೋಣ, ಜಾಸ್ತಿ ತೊಂದರೆ ಅಲ್ಲೇ ಇರೋದು. ಗಾರ್ಲೆಂಡ್ ಮತ್ತು ಹೆಕ್‌ಬರ್ಟ್ 1997ರಲ್ಲಿ ಕೊಟ್ಟ ಮೂಲ ವಿಧಾನ ನೋಡುವುದು ಒಂದನ್ನೇ: ವರ್ಟೆಕ್ಸ್ ತನ್ನ ಸುತ್ತಲಿನ ತ್ರಿಕೋನಗಳ ಸಮತಲಗಳಿಂದ ಎಷ್ಟು ದೂರ ಹೋಯಿತು ಅಂತ. ಆ ದೂರಗಳ ವರ್ಗಗಳ ಮೊತ್ತವೇ ಕೊಲ್ಯಾಪ್ಸ್‌ನ ವೆಚ್ಚ. ಯುವಿ ಎನ್ನುವುದೊಂದು ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ.

ಒಂದು ಚಪ್ಪಟೆ ಹಲಗೆ ತಗೊಳ್ಳಿ, z=0. ಅದರ ಮಧ್ಯೆ x=0 ಗೆರೆಯ ಮೇಲೆ ಸೀಮ್ ಹೋಗಿದೆ. ಸೀಮ್ ಮೇಲಿನ ಒಂದು ವರ್ಟೆಕ್ಸ್ 0.05 ಪಕ್ಕಕ್ಕೆ ಸರಿದರೂ z ಇನ್ನೂ 0, ಹಾಗಾಗಿ ವೆಚ್ಚವೂ 0. ಅಂದರೆ ಸೀಮ್ ಹಾಳು ಮಾಡುವ ಕೊಲ್ಯಾಪ್ಸ್‌ಗಳೇ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುತ್ತವೆ! ಚಪ್ಪಟೆ ಜಾಗದಲ್ಲೇ ಟೆಕ್ಸ್ಚರ್ ಮೊದಲು ಕೆಡುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ, ಸೀಮ್‌ನ ಪ್ರತಿ ಎಡ್ಜ್ ಮೇಲೂ ಮೇಲ್ಮೈಗೆ ಲಂಬವಾಗಿ ಒಂದು ಸುಳ್ಳು ಸಮತಲ ನಿಲ್ಲಿಸಿ, ಅದರ ಕ್ವಾಡ್ರಿಕ್ ಅನ್ನು ಎರಡೂ ತುದಿಗಳಿಗೆ ಸೇರಿಸುವುದು:

```cpp
Vec3 m = normalize(cross(b - a, faceNormal));
double w = 100.0 * dot(b - a, b - a);
Quadric q = planeQuadric(m, -dot(m, a)) * w;
Q[ia] += q;
Q[ib] += q;
```

ಎಡ್ಜ್ ಉದ್ದ 0.1 ಆದರೆ w = 1. ಈಗ ಅದೇ 0.05 ಸರಿದರೆ ಇಂಥ ಪ್ರತಿ ಸಮತಲವೂ 0.0025 ವೆಚ್ಚ ಸೇರಿಸುತ್ತದೆ, ಸೀಮ್‌ನ ಗುಂಟ ಸರಿದರೆ ಮಾತ್ರ ಇನ್ನೂ 0. ನಮಗೆ ಬೇಕಾಗಿದ್ದೂ ಇದೇ ಅಲ್ವಾ? ನೇರವಾದ ಸೀಮ್ ಕಡಿಮೆಯಾಗುತ್ತದೆ, ತಿರುವಿನಲ್ಲಿ ಎರಡು ಬೇರೆ ದಿಕ್ಕಿನ ಸಮತಲ ಸೇರುವುದರಿಂದ ಮೂಲೆ ಅಲ್ಲೇ ನಿಲ್ಲುತ್ತದೆ. 100 ಅನ್ನೋದು ಶುರು ಮಾಡಲು ಅಷ್ಟೇ, ನಿಮ್ಮ ಮೆಶ್ ನೋಡಿ ಬದಲಿಸಿ. ಉದ್ದದ ವರ್ಗದಿಂದ ಗುಣಿಸಿದ್ದು ಯಾಕೆಂದರೆ, ತ್ರಿಕೋನಗಳ ಕ್ವಾಡ್ರಿಕ್‌ಗೆ ವಿಸ್ತೀರ್ಣದ ತೂಕ ಕೊಟ್ಟಿದ್ದರೆ ಎರಡೂ ಒಂದೇ ಅಳತೆಯಲ್ಲಿ ಇರುತ್ತವೆ.

ಆದರೆ ತೂಕ ಹಾಕಿ ಸುಮ್ನೆ ಬಿಟ್ಟರೆ ಸಾಲದು. ಸೀಮ್ ಮೇಲೆ ಒಂದೇ ಜಾಗದಲ್ಲಿ ಎರಡು ವರ್ಟೆಕ್ಸ್ ಇರುತ್ತವೆ, ಬೇರೆ ಬೇರೆ ಯುವಿ ಹೊತ್ತುಕೊಂಡು. ಒಂದು ಬದಿ ಕೊಲ್ಯಾಪ್ಸ್ ಆಗಿ ಇನ್ನೊಂದು ಆಗದಿದ್ದರೆ ಬಿರುಕು ಬೀಳುತ್ತದೆ. ಹಾಗಾಗಿ ಕ್ವಾಡ್ರಿಕ್ ಅನ್ನು ಜಾಗಕ್ಕೊಂದರಂತೆ ಇಡಿ, ಎರಡೂ ಬದಿಯನ್ನು ಒಟ್ಟಿಗೇ ಸರಿಸಿ. ಒಳಗಿನ ವರ್ಟೆಕ್ಸ್ ಸೀಮ್‌ಗೆ ಬಂದು ಸೇರಬಹುದು, ಸೀಮ್‌ನದು ಒಳಗೆ ಹೋಗಕೂಡದು. ಮೂರು ಸೀಮ್ ಕೂಡುವ ಜಾಗವನ್ನೂ, ಸೀಮ್ ಮುಗಿಯುವ ತುದಿಯನ್ನೂ ಪೂರ್ತಿ ಲಾಕ್ ಮಾಡಿಬಿಡಿ.

ಇಷ್ಟಾದ ಮೇಲೂ ಒಂದು ಕಡೆ ಪೆಟ್ಟು ಬೀಳುತ್ತದೆ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. 3ಡಿಯಲ್ಲಿ ನೇರವಾಗಿರುವ ಸೀಮ್ ಯುವಿಯಲ್ಲಿ ಬಾಗಿರಬಹುದು. A, M, B ಒಂದೇ ಗೆರೆಯ ಮೇಲಿವೆ, M ಸರಿಯಾಗಿ ಮಧ್ಯದಲ್ಲಿದೆ ಅಂದುಕೊಳ್ಳಿ. ಯುವಿಯಲ್ಲಿ A (0.10, 0.700), M (0.15, 0.712), B (0.20, 0.700). M ತೆಗೆಯಲು ವೆಚ್ಚ 0. ತೆಗೆದ ಮೇಲೆ ಆ ಜಾಗಕ್ಕೆ ಸಿಗುವ ಯುವಿ (0.15, 0.700), ಅಂದರೆ 0.012 ತಪ್ಪು. 2048ರ ಟೆಕ್ಸ್ಚರ್‌ನಲ್ಲಿ ಅದು ಸುಮಾರು 25 ಟೆಕ್ಸೆಲ್! ಗಡಿ ದ್ವೀಪದೊಳಗೆ ಸರಿದರೆ ಚಿತ್ರ ಎಳೆದಂತಾಗುತ್ತದೆ, ಹೊರಗೆ ಸರಿದು ಪ್ಯಾಡಿಂಗ್ ದಾಟಿದರೆ ಹಿನ್ನೆಲೆ ಬಣ್ಣದ ಗೆರೆ ಕಾಣುತ್ತದೆ. ಹಾಗಾಗಿ ಪ್ರತಿ ಸೀಮ್ ಕೊಲ್ಯಾಪ್ಸ್‌ಗೂ ಮುಂಚೆ ಎರಡೂ ಬದಿಯಲ್ಲಿ ಈ ತಪ್ಪನ್ನು ಅಳೆಯಿರಿ. ನಾನಾದರೆ 2 ಟೆಕ್ಸೆಲ್ ಮೀರಿದ್ದನ್ನು ಬಿಡುವುದಿಲ್ಲ. ಯುವಿ ತ್ರಿಕೋನದ ವಿಸ್ತೀರ್ಣದ ಚಿಹ್ನೆ ತಿರುಗಿದರೆ ಅದನ್ನೂ ತಿರಸ್ಕರಿಸಿ.

ಚೂಪಾದ ಅಂಚಿಗೂ ಅದೇ ಸುಳ್ಳು ಸಮತಲ ಸಾಕು. ಎರಡು ಮುಖಗಳ ನಾರ್ಮಲ್‌ಗಳ ನಡುವಿನ ಕೋನ ನೀವು ಇಟ್ಟ ಮಿತಿ ದಾಟಿದ ಎಡ್ಜ್‌ಗಳಿಗೆ ಹಾಕಿ, ತೂಕ ಸ್ವಲ್ಪ ಕಡಿಮೆ ಇರಲಿ. ಕಿರಿದಾದ ಚಾಂಫರ್‌ಗಳು ಸವೆಯುವುದು ಅವುಗಳ ವಿಸ್ತೀರ್ಣ ತೀರಾ ಕಮ್ಮಿ ಇರುವುದರಿಂದ. ದುಂಡಗಿನ ಭಾಗಗಳ ಕಥೆ ಬೇರೆ: ಸುತ್ತಿಗೆ 32 ಭಾಗ ಇದ್ದರೆ ಹೊರ ಅಂಚು ತ್ರಿಜ್ಯದ 0.5% ಒಳಗೆ ಬರುತ್ತದೆ, 16ಕ್ಕೆ 1.9%, 8ಕ್ಕೆ 7.6%. ಮಾಡೆಲ್ ಪರದೆಯಲ್ಲಿ ಎಷ್ಟು ಪಿಕ್ಸೆಲ್ ಕಾಣುತ್ತದೆ ನೋಡಿ, ಆ ಇಳಿತ 1 ಪಿಕ್ಸೆಲ್ ಒಳಗೆ ಇರುವಷ್ಟಕ್ಕೆ ನಿಲ್ಲಿಸಿ.

ಸ್ಕ್ಯಾನ್ ಮೆಶ್ ಅಂದಿರಿ, ಅಲ್ಲಿ ತಾನಾಗೇ ಮಾಡಿದ ಯುವಿ ನೂರಾರು ಚೂರಾಗಿ ಇರುವುದು ಸಾಮಾನ್ಯ. ಆಗ ಅರ್ಧಕ್ಕರ್ಧ ವರ್ಟೆಕ್ಸ್ ಸೀಮ್ ಮೇಲೇ ಕೂತಿರುತ್ತವೆ, ಒಂದು ಹಂತದ ಕೆಳಗೆ ಮೆಶ್ ಇಳಿಯುವುದೇ ಇಲ್ಲ. ಅಲ್ಲಿ ತೂಕದ ಜೊತೆ ಗುದ್ದಾಡಬೇಡಿ. ಯುವಿ ಬಿಟ್ಟು ಬರೀ ಆಕಾರ ನೋಡಿ ಕಡಿಮೆ ಮಾಡಿ, ಹೊಸದಾಗಿ ಯುವಿ ಬಿಡಿಸಿ, ಹಳೆ ಮೆಶ್‌ನಿಂದ ಟೆಕ್ಸ್ಚರ್ ಬೇಕ್ ಮಾಡಿ.