೨೨೦ ದಿನ ಸಾಕೇ? ತಾಸು ಎಣಿಸಿ ನೋಡಿ

"ನಮ್ಮದು ವಿಜಯಪುರದ ಕಡೆ ಹಿರಿಯ ಪ್ರಾಥಮಿಕ ಶಾಲೆ. ಪಟ್ಟಿಯಲ್ಲಿ 220 ದಿನ ಕೂಡಿದೆ, ಆದರೂ ಪಾಠ ಮುಗಿಯುತ್ತಿಲ್ಲ. ಎಲ್ಲಿ ತಪ್ಪಿದೆ?"

ಸರ್, ದಿನ ಬಿಡಿ, ತಾಸು ಎಣಿಸಿ. ಆರ್‌ಟಿಇ ಪ್ರಕಾರ 6ರಿಂದ 8ನೇ ತರಗತಿಗೆ 220 ದಿನದ ಜೊತೆಗೆ 1000 ಬೋಧನಾ ತಾಸೂ ಬೇಕು.

ನಿಮ್ಮ 220ರಲ್ಲಿ 40 ಶನಿವಾರ ಎಂದಿಟ್ಟುಕೊಳ್ಳಿ. ಪಿರಿಯಡ್ 40 ನಿಮಿಷದ್ದಿದ್ದು, ದಿನಕ್ಕೆ ಏಳು, ಶನಿವಾರ ಐದು ನಡೆದರೆ ವರ್ಷಕ್ಕೆ ಸಿಗುವುದು ಸುಮಾರು 973 ತಾಸು. ಪರೀಕ್ಷೆ ಕಳೆಯುವ ಮೊದಲೇ ಕೊರತೆ!

ಪಿರಿಯಡ್ 45 ನಿಮಿಷ ಮಾಡಿದರೆ 1095 ಆಗುತ್ತದೆ. ಎರಡು ಸಂಕಲನಾತ್ಮಕ ಪರೀಕ್ಷೆಗೆ ತಲಾ ಏಳು ಪೂರ್ಣ ದಿನ ಹೋದರೆ 73.5 ತಾಸು ಕಡಿಮೆ, ಉಳಿಯುವುದು 1021.5. ಅಂದರೆ ಕ್ರೀಡಾಕೂಟ, ಗ್ಯಾದರಿಂಗ್, ಅದರ ತಾಲೀಮು ಎಲ್ಲ ಸೇರಿ ನಾಲ್ಕು ದಿನ ಮಾತ್ರ. ತಾಲೀಮೇ ಹೆಚ್ಚು ತಿನ್ನುತ್ತದೆ. ಹಾಜರಿಯಲ್ಲಿ ಅದು ಕಾಣುವುದಿಲ್ಲ, ಪಾಠ ಟಿಪ್ಪಣಿಯಲ್ಲಿ ಕಾಣುತ್ತದೆ. ಅದನ್ನು ಕೊನೆಯ ಪಿರಿಯಡ್‌ಗೆ ಕಟ್ಟಿಹಾಕಿ, ಆದರೆ ವಾರವಿಡೀ ಒಂದೇ ವಿಷಯದ ಪಿರಿಯಡ್ ಹೋಗದಂತೆ ವೇಳಾಪಟ್ಟಿ ತಿರುಗಿಸಿ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಕಿರುಪರೀಕ್ಷೆಯಾಗಲಿ, ಹೊಸ ಪಾಠವಾಗಲಿ ಇಡಬೇಡಿ. ಅರ್ಧ ತರಗತಿ ಖಾಲಿ ಇರುತ್ತದೆ, ಮತ್ತೆ ಕಲಿಸಬೇಕಾಗುತ್ತದೆ. ಸ್ಥಳೀಯ ರಜೆಯನ್ನು ಅಲ್ಲೇ ಬಳಸಿ, ಮುಂದಿನ ಎರಡು ಶನಿವಾರ ಪೂರ್ತಿ ಶಾಲೆ ನಡೆಸಿ.